ಊರಿಲ್ಲದ ಲಾಭ

ಪ್ರಾಮಿಸರಿ ನೋಟಿನ ಮೇಲೆ ಸಾಲ ಕೊಟ್ಟವನು ಮೂರು ವರ್ಷದೊಳಗೆ ದಾವಾ ಹೂಡದೆ ಹೋದರೆ, ಆ ನಡುವೆ ಸಾಲಗಾರನು ಅಸಲಿಗಾಗಲಿ ಬಡ್ಡಿಗಾಗಲಿ ಏನನ್ನೂ ಸಲ್ಲಿಸಿ ಷರಾ ಬರೆಯದೆ ಇದ್ದರೆ, ಆ ಪತ್ರಕ್ಕೆ ವಾಯಿದೆ ತೀರಿತೆಂದು ನಾವೆಲ್ಲರೂ ಬಲ್ಲೆವು. ನ್ಯಾಯಾಲಯವು ಆಮೇಲೆ ಆ ಹಣವನ್ನು ಕೊಡಿಸುವುದಿಲ್ಲ. ಆದರೂ ನಮ್ಮ ಹಿರಿಯರಲ್ಲಿ ಅನೇಕರು ಅಂಥ ಪತ್ರದ ಹಣವನ್ನು ತೀರಿಸದೆ ಕಣ್ಣು ಮುಚ್ಚಲು ಒಪ್ಪುತ್ತಿರಲಿಲ್ಲ. ಕಾನೂನು ಬಿಟ್ಟರೂ ಋಣವು ಬಿಡುವುದಿಲ್ಲವೆಂಬುದು ಅವರ ನಂಬಿಕೆಯಾಗಿತ್ತು. ಈ ನಂಬಿಕೆಯನ್ನು ಒಂದು ಮನೆತನದ ಮೇಲಿನಿಂದ ಎತ್ತಿ, ನೂರಾರು ದೇಶಗಳಲ್ಲಿ ವ್ಯಾಪಾರಮಾಡುವ ಒಂದು ಮಹಾ ಕಂಪೆನಿಯ ಮೇಲೆ ಇಟ್ಟು ನೋಡಿದರೆ ಅದು ಅಲ್ಲಿ ನಿಲ್ಲುವುದೇ? ಕಾನೂನಿನ ಒಂದು ಅಕ್ಷರವನ್ನೂ ಮೀರದೆ ತೆರಿಗೆಯಿಂದ ತಪ್ಪಿಸಿಕೊಂಡ ಕಂಪೆನಿಯು ಯಾರಿಗಾದರೂ ಋಣಿಯೇ? ಋಣಿಯೆಂದಾದರೆ, ಯಾರಿಗೆ? ಈ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ತೆರಿಗೆಯೆಂಬುದು ಏನೆಂದು ಮೊದಲು ತಿಳಿದುಕೊಳ್ಳಬೇಕು. ಅದು ಬಲವಂತನು ದುರ್ಬಲನಿಂದ ಕಿತ್ತುಕೊಳ್ಳುವ ದಂಡವಾದರೆ, ಅದರಿಂದ ತಪ್ಪಿಸಿಕೊಳ್ಳುವುದು ಜಾಣತನವೇ ಹೊರತು ಪಾಪವಲ್ಲ. ಆದರೆ ನಮ್ಮ ಧರ್ಮಶಾಸ್ತ್ರಕಾರರು ರಾಜನು ಪಡೆಯುವ ಆರನೆಯ ಪಾಲನ್ನು ದಂಡವೆಂದು ಹೇಳಲಿಲ್ಲ. ಪ್ರಜೆಗಳನ್ನು ಕಾಪಾಡಿದುದಕ್ಕಾಗಿ ಅವನಿಗೆ ಸಲ್ಲುವ ವೇತನವೆಂದರು. ವರ್ತಕನು ಮಾಲು ಸಾಗಿಸುವ ರಸ್ತೆ, ಅವನ ಕರಾರನ್ನು ನಡೆಯಿಸಿಕೊಡುವ ನ್ಯಾಯಾಲಯ, ಅವನಿಗೆ ಓದುಬರಹ ಬಲ್ಲ ಕೆಲಸಗಾರರನ್ನು ಒದಗಿಸುವ ಪಾಠಶಾಲೆ, ಇವೆಲ್ಲ ಅವನ ಲಾಭದಲ್ಲಿ ಸೇರಿವೆ. ಆದುದರಿಂದ ತೆರಿಗೆಯು ಋಣದ ಜಾತಿಗೆ ಸೇರಿದ್ದು. ಇಷ್ಟನ್ನು ಒಪ್ಪಿದವನಿಗೆ ಲಾಭವಿದ್ದೂ ತೆರಿಗೆಯಿಲ್ಲವೆಂಬ ಮಾತು ಕೇಳಿದಾಗ, ತೀರದ ಸಾಲವೊಂದು ಎಲ್ಲಿಯೋ ಉಳಿದಿದೆ ಎಂಬ ಶಂಕೆ ಹುಟ್ಟುವುದು ಸಹಜ.

ಮಾತು ಗಾಳಿಯಲ್ಲಿ ಹೋಗದಿರಲೆಂದು, ನ್ಯಾಯಾಲಯಗಳಲ್ಲಿ ಪೂರ್ತಿಯಾಗಿ ವಿಚಾರಣೆಗೊಂಡಿರುವ ಒಂದೇ ಒಂದು ವ್ಯವಹಾರವನ್ನು ತೆಗೆದುಕೊಳ್ಳೋಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಆಪಲ್ ಕಂಪೆನಿಯು ದೂರವಾಣಿಗಳನ್ನೂ ಗಣಕಯಂತ್ರಗಳನ್ನೂ ರೂಪಿಸಿ ಮಾರುವುದು. ಅದು 1980ರಿಂದ ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ನೆಲೆಯೂರಿದೆ. ಅಲ್ಲಿ ಸಾವಿರಾರು ಮಂದಿಗೆ ಉದ್ಯೋಗ ಕೊಟ್ಟಿದೆ. ಅದರ ಅಂಗಸಂಸ್ಥೆಗಳಲ್ಲಿ ಒಂದು ಆಪಲ್ ಸೇಲ್ಸ್ ಇಂಟರ್‌ನ್ಯಾಷನಲ್ ಎಂಬುದು. ಯೂರೋಪ್, ಮಧ್ಯಪ್ರಾಚ್ಯ, ಆಫ್ರಿಕ, ಮತ್ತು ನಮ್ಮ ಭಾರತ, ಇಷ್ಟು ಪ್ರದೇಶಗಳಿಗೆ ಮಾಲನ್ನು ತಯಾರಕರಿಂದ ಕೊಂಡು ಮಾರುವ ಹೊಣೆ ಇದರದಾಗಿತ್ತು. ಯೂರೋಪಿನ ಯಾವುದೋ ಪಟ್ಟಣದ ಅಂಗಡಿಯೊಳಗೆ ಹೋಗಿ ಒಬ್ಬನು ಹಣ ತೆತ್ತು ಯಂತ್ರವನ್ನು ಕೈಗೆ ತೆಗೆದುಕೊಂಡರೂ, ಕಾಗದದ ಮೇಲೆ ಅವನು ಕೊಂಡದ್ದು ಆ ಅಂಗಡಿಯಿಂದಲ್ಲ, ಐರ್ಲೆಂಡಿನ ಈ ಸಂಸ್ಥೆಯಿಂದ. ಹೀಗೆ ಮೊದಲ ಹೆಜ್ಜೆಯಲ್ಲಿ ಲಾಭವು ಮಾರಾಟ ನಡೆದ ದೇಶವನ್ನು ಬಿಟ್ಟು ಐರ್ಲೆಂಡಿಗೆ ಬಂದಿತು.

ಎರಡನೆಯ ಹೆಜ್ಜೆ ಇನ್ನೂ ಸೂಕ್ಷ್ಮವಾದದ್ದು. ಆ ಸಂಸ್ಥೆಯ ಲೆಕ್ಕವನ್ನು ಎರಡಾಗಿ ಒಡೆಯಲಾಗಿತ್ತು: ಒಂದು, ಕಾರ್ಕಿನಲ್ಲಿ ನಿಜವಾಗಿ ಕೆಲಸಮಾಡುತ್ತಿದ್ದ ಶಾಖೆ, ಇನ್ನೊಂದು, ಪ್ರಧಾನ ಕಚೇರಿ. ಐರ್ಲೆಂಡಿನ ತೆರಿಗೆಯ ಅಧಿಕಾರಿಗಳು 1991ರಲ್ಲಿಯೂ 2007ರಲ್ಲಿಯೂ ಕೊಟ್ಟ ನಿರ್ಣಯಗಳ ಪ್ರಕಾರ, ಶಾಖೆಯ ಖರ್ಚಿನ ಮೇಲೆ ಸಣ್ಣದೊಂದು ಅಂಶವನ್ನು ಶಾಖೆಯ ಲಾಭವೆಂದು ಹಿಡಿದು ಅದಕ್ಕೆ ಮಾತ್ರ ತೆರಿಗೆ ಹಾಕಲಾಗುತ್ತಿತ್ತು. ಉಳಿದುದೆಲ್ಲ ಪ್ರಧಾನ ಕಚೇರಿಯ ಪಾಲು. ಈ ಪ್ರಧಾನ ಕಚೇರಿ ಎಲ್ಲಿತ್ತು? ಎಲ್ಲಿಯೂ ಇರಲಿಲ್ಲ. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ, ಒಬ್ಬ ನೌಕರನೂ ಇರಲಿಲ್ಲ. ಆಗಾಗ ನಡೆದ ನಿರ್ದೇಶಕರ ಸಭೆಗಳ ನಡವಳಿಕೆಯ ಪುಸ್ತಕವಿತ್ತು.

ಹೀಗಾಗುವುದಕ್ಕೆ ಎರಡು ದೇಶಗಳ ಕಾನೂನುಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತದ್ದೇ ಕಾರಣ. ಕಂಪೆನಿಯನ್ನು ಎಲ್ಲಿಂದ ಆಳುವರೋ ಅದೇ ಅದರ ನಿವಾಸವೆಂದು ಅಂದಿನ ಐರ್ಲೆಂಡಿನ ಕಾನೂನು. ಎಲ್ಲಿ ನೋಂದಾಯಿಸಿರುವರೋ ಅದೇ ನಿವಾಸವೆಂದು ಅಮೆರಿಕದ ಕಾನೂನು. ಐರ್ಲೆಂಡಿನಲ್ಲಿ ನೋಂದಾಯಿಸಿ ಅಮೆರಿಕದಿಂದ ಆಳಿದರೆ, ಎರಡೂ ದೇಶಗಳು ಅದನ್ನು ತಮ್ಮದಲ್ಲವೆನ್ನುತ್ತವೆ. ಎರಡು ಗ್ರಾಮಗಳ ಗಡಿಯ ಮೇಲೆ ಮನೆ ಕಟ್ಟಿಕೊಂಡವನು ಈ ಊರಿನ ಶಾನುಭೋಗನು ಬಂದಾಗ ಆ ಊರಿನ ಕಡೆಗೂ, ಆ ಊರಿನವನು ಬಂದಾಗ ಈ ಊರಿನ ಕಡೆಗೂ ಕೈ ತೋರಿಸಿದಂತೆ.

ಇದರ ಪರಿಣಾಮವನ್ನು ಒಂದು ವರ್ಷದ ಲೆಕ್ಕದಲ್ಲಿ ನೋಡಬಹುದು. 2011ರಲ್ಲಿ ಈ ಅಂಗಸಂಸ್ಥೆಗೆ ಬಂದ ಲಾಭ ಸುಮಾರು 1600 ಕೋಟಿ ಯೂರೋ. ಇದರಲ್ಲಿ ಐರ್ಲೆಂಡಿನಲ್ಲಿ ತೆರಿಗೆಗೆ ಒಳಪಟ್ಟದ್ದು ಸುಮಾರು 5 ಕೋಟಿ ಯೂರೋ ಮಾತ್ರ. ಸಂದಾಯವಾದ ತೆರಿಗೆ ಒಂದು ಕೋಟಿಗಿಂತಲೂ ಕಡಿಮೆ. ಐರ್ಲೆಂಡಿನ ಸಾಮಾನ್ಯ ದರ ನೂರಕ್ಕೆ ಹನ್ನೆರಡೂವರೆ. ಆ ದರದಲ್ಲಿ ಇಡೀ ಲಾಭಕ್ಕೆ ಲೆಕ್ಕ ಹಾಕಿದ್ದರೆ 200 ಕೋಟಿ ಯೂರೋ ಆಗುತ್ತಿತ್ತು. 2014ರ ಹೊತ್ತಿಗೆ ಹತ್ತು ಲಕ್ಷ ಯೂರೋ ಲಾಭಕ್ಕೆ ಬಿದ್ದ ತೆರಿಗೆ ಐವತ್ತು ಯೂರೋ ಎಂದು ಯೂರೋಪಿನ ಆಯೋಗವು ಲೆಕ್ಕ ಹಾಕಿತು. ಕಾರ್ಕಿನ ಬೀದಿಯಲ್ಲಿ ರೊಟ್ಟಿ ಸುಟ್ಟು ಮಾರುವವನು ತನ್ನ ಲಾಭದಲ್ಲಿ ಎಂಟರಲ್ಲೊಂದು ಪಾಲನ್ನು ಸಲ್ಲಿಸುತ್ತಿದ್ದ ದೇಶದಲ್ಲಿ ಇದು ನಡೆಯಿತು.

ಇನ್ನು ಪೂರ್ವಪಕ್ಷವನ್ನು ಕೇಳಬೇಕು, ಅದು ದುರ್ಬಲವಾದದ್ದಲ್ಲ. ಕಂಪೆನಿಯ ಮುಖ್ಯಾಧಿಕಾರಿ ಟಿಮ್ ಕುಕ್ ಅವರು 2013ರ ಮೇ ತಿಂಗಳಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ನಿಂತು, ತಮ್ಮ ಕಂಪೆನಿಯು ಸಲ್ಲತಕ್ಕ ತೆರಿಗೆಯನ್ನೆಲ್ಲ ಸಲ್ಲಿಸುತ್ತಿದೆ ಎಂದು ಹೇಳಿದರು. ಕಂಪೆನಿಯ ವಾದ ಹೀಗೆ: ಯಂತ್ರದ ಬೆಲೆ ಇರುವುದು ಅದರ ಲೋಹದಲ್ಲಿ ಅಲ್ಲ, ಅದನ್ನು ಕಲ್ಪಿಸಿದ ಬುದ್ಧಿಯಲ್ಲಿ. ಆ ಬುದ್ಧಿ ಕೆಲಸಮಾಡಿದ್ದು ಕ್ಯಾಲಿಫೋರ್ನಿಯದಲ್ಲಿ. ಆದುದರಿಂದ ಲಾಭವು ಅಮೆರಿಕಕ್ಕೆ ಸೇರಿದ್ದು. ಐರ್ಲೆಂಡಿಗೆ ಅದರಲ್ಲಿ ಹಕ್ಕು ಎಲ್ಲಿಯದು? ವಿದೇಶದಲ್ಲಿ ಗಳಿಸಿದ ಲಾಭಕ್ಕೆ ಅದು ಸ್ವದೇಶಕ್ಕೆ ಬರುವವರೆಗೂ ತೆರಿಗೆಯನ್ನು ಮುಂದಕ್ಕೆ ಹಾಕಲು ಅಂದಿನ ಅಮೆರಿಕದ ಕಾನೂನು ಅವಕಾಶ ಕೊಟ್ಟಿತ್ತು. ಆ ಕಾನೂನು 2017ರ ಕೊನೆಯಲ್ಲಿ ಬದಲಾದಾಗ, ಕಂಪೆನಿಯು ಹಾಗೆ ಕೂಡಿಬಿದ್ದಿದ್ದ ಹಣದ ಮೇಲೆ ಸುಮಾರು 3800 ಕೋಟಿ ಡಾಲರು ತೆರಿಗೆ ಸಲ್ಲಿಸುವುದಾಗಿ 2018ರ ಜನವರಿಯಲ್ಲಿ ಪ್ರಕಟಿಸಿತು. ಇದನ್ನು ಮರೆಮಾಚಿ ಕಂಪೆನಿಯನ್ನು ಕಳ್ಳನೆಂದು ಕರೆಯುವುದು ನ್ಯಾಯವಲ್ಲ. ಆದರೆ ಹಾಗೆ ಕಾದುಕೊಂಡವರಿಗೆ ದೊರೆತ ಅತಿ ಹೆಚ್ಚಿನ ದರ ನೂರಕ್ಕೆ ಹದಿನೈದೂವರೆ. ಅವರು ಮುಂದಕ್ಕೆ ಹಾಕಿದ್ದಾಗ ಇದ್ದ ದರ ಮೂವತ್ತೈದು. ಕಾಯುವ ಶಕ್ತಿಯುಳ್ಳ ಸಾಲಗಾರನಿಗೆ ಸಾಲವೇ ಕರಗುತ್ತದೆ. ಸಂಬಳದಲ್ಲಿಯೇ ತೆರಿಗೆ ಮುರಿದುಕೊಳ್ಳಲ್ಪಡುವ ಗುಮಾಸ್ತನಿಗೆ ಕಾಯುವ ಭಾಗ್ಯವಿಲ್ಲ.

ಇಲ್ಲಿ ನಮ್ಮ ಪ್ರಾಮಿಸರಿ ನೋಟಿನ ಹೋಲಿಕೆ ಕುಂಟುವುದನ್ನು ಗಮನಿಸಬೇಕು. ವಾಯಿದೆ ತೀರಿದ ಪತ್ರದಲ್ಲಿ ಸಾಲ ಕೊಟ್ಟವನ ಹೆಸರಿದೆ. ಮನಸ್ಸಿದ್ದವನು ಅವನ ಮನೆಗೆ ಹೋಗಿ ತೀರಿಸಬಹುದು. ಈ ಕಂಪೆನಿಯ ನಿರ್ದೇಶಕರಲ್ಲಿ ಒಬ್ಬನಿಗೆ ಒಂದು ರಾತ್ರಿ ಮನಸ್ಸಾಕ್ಷಿ ಚುಚ್ಚಿತೆಂದೇ ಇಟ್ಟುಕೊಳ್ಳೋಣ. ಅವನು ಹಣವನ್ನು ಯಾರಿಗೆ ಒಯ್ದು ಕೊಡಬೇಕು? ಯಂತ್ರವನ್ನು ಕಲ್ಪಿಸಿದ ಅಮೆರಿಕಕ್ಕೋ, ಜೋಡಿಸಿದ ದೇಶಕ್ಕೋ, ಲೆಕ್ಕ ಬರೆದ ಐರ್ಲೆಂಡಿಗೋ, ಕೊಂಡವರ ದೇಶಕ್ಕೋ? ಅಲ್ಲದೆ, ಹಣವು ತನ್ನದಲ್ಲ, ಷೇರುದಾರರದು. ಕಾನೂನು ಕೇಳದ ಹಣವನ್ನು ಕೊಡಲು ತನಗೇನು ಅಧಿಕಾರವೆಂದು ಅವನು ಕೇಳಿದರೆ ಉತ್ತರ ಸುಲಭವಲ್ಲ. ಋಣವುಂಟು, ಸಾಲಿಗನ ಹೆಸರಿಲ್ಲ. ಇಂಥ ಋಣವನ್ನು ವ್ಯಕ್ತಿಯ ಸದ್ಬುದ್ಧಿಯೊಂದೇ ತೀರಿಸಲಾರದು.

ಸಾಲಿಗನ ಹೆಸರು ಅಳಿಸಿಹೋದದ್ದು ಹೇಗೆ? 1920ರ ಮತ್ತು 1930ರ ದಶಕಗಳಲ್ಲಿ ರಾಷ್ಟ್ರಸಂಘದ ಪಂಡಿತರು ಒಂದೇ ಲಾಭಕ್ಕೆ ಎರಡು ದೇಶಗಳು ತೆರಿಗೆ ಹಾಕದಿರಲೆಂದು ಸೂತ್ರಗಳನ್ನು ರಚಿಸಿದರು. ಅದರಿಂದ ಬೆಳೆದ ಪದ್ಧತಿಯಲ್ಲಿ, ಒಂದೇ ಒಡೆತನದ ಸಂಸ್ಥೆಗಳನ್ನು ಕೂಡ ಬೇರೆ ಬೇರೆ ವ್ಯಕ್ತಿಗಳೆಂದು ಎಣಿಸಿ, ಅವು ತಮ್ಮೊಳಗೆ ಕೊಂಡು ಮಾರುವ ಬೆಲೆಯು ಅಪರಿಚಿತರ ನಡುವಣ ಬೆಲೆಯಂತಿರಬೇಕೆಂದು ವಿಧಿಸಲಾಯಿತು. ಅಕ್ಕಿಗೂ ಹತ್ತಿಗೂ ಸಂತೆಯ ಬೆಲೆಯುಂಟು. ಅಲ್ಲಿ ಈ ಸೂತ್ರ ಸರಿಯಾಗಿ ನಡೆಯಿತು. ಆದರೆ ಒಂದು ಯಂತ್ರದ ವಿನ್ಯಾಸದ ಹಕ್ಕನ್ನು ತಾಯಿಸಂಸ್ಥೆಯು ಮಗಳಿಗೆ ಕೊಟ್ಟರೆ ಅದರ ಬೆಲೆಯೇನು? ಆ ಹಕ್ಕು ಹೊರಗಿನ ಯಾವ ಸಂತೆಗೂ ಬರುವುದಿಲ್ಲ. ಬೆಲೆಯನ್ನು ಅವರೇ ಹೇಳಬೇಕು. ಬೆಲೆ ಹೇಳುವವರು, ತೆರಿಗೆ ಹೆಚ್ಚಿರುವ ಕಡೆ ಖರ್ಚನ್ನೂ ಕಡಿಮೆಯಿರುವ ಕಡೆ ಲಾಭವನ್ನೂ ಕಾಣಿಸುವಂತೆ ಹೇಳುತ್ತಾರೆ. ಲಾಭದ ವರ್ಗಾವಣೆಯೆಂಬುದು ಬಹುಮಟ್ಟಿಗೆ ಇಷ್ಟೇ. ಇದನ್ನು ಗುರುತಿಸುವ ಬಗೆಯೂ ಸರಳ: ಯಾವ ದೇಶದಲ್ಲಿ ಎಷ್ಟು ಕೆಲಸಗಾರರು, ಎಷ್ಟು ಆಸ್ತಿ, ಎಷ್ಟು ಲಾಭ ಎಂದು ಮೂರು ಅಂಕಣಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಬೇಕು. ಕೆಲಸಗಾರರ ಅಂಕಣದಲ್ಲಿ ಸೊನ್ನೆಯೂ ಲಾಭದ ಅಂಕಣದಲ್ಲಿ ನೂರಾರು ಕೋಟಿಯೂ ಇದ್ದರೆ, ಅಲ್ಲಿ ಲಾಭವು ಹುಟ್ಟಿಲ್ಲ, ಬಂದು ತಂಗಿದೆ.

ಈ ವ್ಯವಹಾರದಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಅಧ್ಯಾಯ ಮುಂದಿನದು. 2016ರ ಆಗಸ್ಟ್ 30ರಂದು ಯೂರೋಪಿನ ಆಯೋಗವು, ಐರ್ಲೆಂಡು ಈ ಒಂದು ಕಂಪೆನಿಗೆ ಮಾತ್ರ ಸಲ್ಲದ ಸಹಾಯ ಮಾಡಿದೆ, ಆದುದರಿಂದ 1300 ಕೋಟಿ ಯೂರೋವರೆಗೆ ಬಾಕಿ ತೆರಿಗೆಯನ್ನು ಬಡ್ಡಿಯೊಡನೆ ವಸೂಲುಮಾಡತಕ್ಕದ್ದು ಎಂದು ಆಜ್ಞೆ ಮಾಡಿತು. ಕಂಪೆನಿಯು ಇದನ್ನು ಪ್ರಶ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಣ ಪಡೆಯಬೇಕಾದ ಐರ್ಲೆಂಡೂ ತನಗೆ ಆ ಹಣ ಬೇಡವೆಂದು ನ್ಯಾಯಾಲಯಕ್ಕೆ ಹೋಯಿತು! 2018ರಲ್ಲಿ ಬಡ್ಡಿಸಹಿತ ಸುಮಾರು 1430 ಕೋಟಿ ಯೂರೋ ವಸೂಲಾಗಿ, ತೀರ್ಪು ಬರುವವರೆಗೂ ಪ್ರತ್ಯೇಕ ನಿಧಿಯಲ್ಲಿ ಕುಳಿತಿತು. 2020ರ ಜುಲೈಯಲ್ಲಿ ಕೆಳಗಿನ ನ್ಯಾಯಾಲಯವು, ಆಯೋಗವು ತನ್ನ ಆಪಾದನೆಯನ್ನು ಸಾಧಿಸಲಿಲ್ಲವೆಂದು ಆಜ್ಞೆಯನ್ನು ರದ್ದುಮಾಡಿತು. 2024ರ ಸೆಪ್ಟೆಂಬರ್ 10ರಂದು ಯೂರೋಪಿನ ಪರಮೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿ, ಆಯೋಗದ ಆಜ್ಞೆಯನ್ನೇ ಎತ್ತಿಹಿಡಿಯಿತು. ಮೊದಲ ನಿರ್ಣಯದಿಂದ ಕೊನೆಯ ತೀರ್ಪಿಗೆ ಮೂವತ್ತಮೂರು ವರ್ಷ.

ಐರ್ಲೆಂಡು ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಏಕೆ ಬೇಡವೆಂದಿತು? ಅದರ ಲೆಕ್ಕ ಅವಿವೇಕದ್ದಲ್ಲ. ಒಂದು ಚಿಕ್ಕ ದೇಶ, ದೊಡ್ಡ ಪೇಟೆಯಿಲ್ಲ, ಬಹುಕಾಲ ತನ್ನ ಮಕ್ಕಳನ್ನು ಹಡಗು ಹತ್ತಿಸಿ ಪರದೇಶಕ್ಕೆ ಕಳುಹಿಸಿದ ನಾಡು. ಕಂಪೆನಿಗಳು ಬಂದರೆ ಊರಿನ ಹುಡುಗರಿಗೆ ಕೆಲಸವಾಗುತ್ತದೆ. ಇಂದು ಒಬ್ಬನ ಹತ್ತಿರ ಹಳೆಯ ಬಾಕಿ ಕೇಳಿದರೆ ನಾಳೆ ಹತ್ತು ಮಂದಿ ಬೇರೆ ಊರು ನೋಡಿಕೊಂಡಾರು. ತೆರಿಗೆ ಸ್ವರ್ಗಗಳೆಂದು ಹೆಸರಾದ ಎಷ್ಟೋ ಸಣ್ಣ ದ್ವೀಪಗಳ ಕಥೆಯೂ ಇದೇ. ತನ್ನ ಮಟ್ಟಿಗೆ ಪ್ರತಿಯೊಂದು ದೇಶವೂ ವಿವೇಕದಿಂದಲೇ ನಡೆಯುತ್ತದೆ. ಆದರೆ ಒಬ್ಬನು ದರವನ್ನು ಇಳಿಸಿದೊಡನೆ ನೆರೆಯವನೂ ಇಳಿಸಬೇಕಾಗುತ್ತದೆ, ಕೊನೆಗೆ ಎಲ್ಲರ ಬೊಕ್ಕಸವೂ ಬಡವಾಗುತ್ತದೆ. ಬಿಟ್ಟುಕೊಟ್ಟ ಹಣ ಸ್ವಂತದ್ದಾದರೆ ಅದು ಔದಾರ್ಯ. ಇಲ್ಲಿ ಬಿಟ್ಟುಕೊಟ್ಟದ್ದರಲ್ಲಿ ಬಹುಭಾಗ ಇತರ ದೇಶಗಳ ಲಾಭದ ಮೇಲಣ ತೆರಿಗೆ. ಪರರ ಗದ್ದೆಯ ನೀರನ್ನು ದಾನಮಾಡಿದವನಿಗೆ ಪುಣ್ಯವೆಲ್ಲಿಂದ ಬರಬೇಕು?

ಒಂದೊಂದೇ ತೂತನ್ನು ಮುಚ್ಚುವುದರಿಂದ ಪ್ರಯೋಜನವಿಲ್ಲವೆಂಬುದಕ್ಕೂ ಇದೇ ವ್ಯವಹಾರ ಸಾಕ್ಷಿ. ಊರಿಲ್ಲದ ಕಂಪೆನಿಗಳಿಗೆ ಐರ್ಲೆಂಡು 2013ರಲ್ಲಿ ತಡೆ ಹಾಕಹೊರಟಿತು. ಆಪಲ್ಲಿನ ಅಂಗಸಂಸ್ಥೆಗಳು ಅಷ್ಟರಲ್ಲಿ ತಮ್ಮ ತೆರಿಗೆಯ ನಿವಾಸವನ್ನು ಜರ್ಸಿ ದ್ವೀಪಕ್ಕೆ ಬದಲಾಯಿಸಿಕೊಂಡವೆಂದು 2017ರಲ್ಲಿ ಪತ್ರಿಕೆಗಳು ಹೊರಗೆಡವಿದ ಕಾಗದಗಳಿಂದ ತಿಳಿದುಬಂದಿತು.

ಜಾಗತಿಕ ಕನಿಷ್ಠ ತೆರಿಗೆಯೆಂಬ ಯೋಜನೆ ಹುಟ್ಟಿದ್ದು ಈ ಅನುಭವದಿಂದ. 2021ರ ಅಕ್ಟೋಬರ್ 8ರಂದು 136 ದೇಶಗಳೂ ಆಡಳಿತಪ್ರದೇಶಗಳೂ ಇದಕ್ಕೆ ಒಪ್ಪಿದವು. ಬಹಳ ಹಿಂದೆಮುಂದೆ ನೋಡಿದ ಐರ್ಲೆಂಡೂ ಸೇರಿತು. ವರ್ಷಕ್ಕೆ 75 ಕೋಟಿ ಯೂರೋ ಅಥವಾ ಹೆಚ್ಚು ವಹಿವಾಟುಳ್ಳ ಕಂಪೆನಿಗಳಿಗೆ ಮಾತ್ರ ಇದು ಅನ್ವಯಿಸುವುದು. ಇದರ ತಿರುಳನ್ನು ಒಂದು ಮಾತಿನಲ್ಲಿ ಹೀಗೆ ಹೇಳಬಹುದು: ನೀನು ತೆಗೆದುಕೊಳ್ಳದ ತೆರಿಗೆಯನ್ನು ಇನ್ನೊಬ್ಬನು ತೆಗೆದುಕೊಳ್ಳುವನು.

ಕಲ್ಪನೆಯ ಒಂದು ಉದಾಹರಣೆಯನ್ನು ನೋಡೋಣ. ಒಂದು ಕಂಪೆನಿಗೆ ಒಂದು ದ್ವೀಪದಲ್ಲಿ 100 ಕೋಟಿ ಲಾಭ. ಅಲ್ಲಿನ ತೆರಿಗೆ ನೂರಕ್ಕೆ ಮೂರು. ಕನಿಷ್ಠ ದರ ನೂರಕ್ಕೆ ಹದಿನೈದು ಆದುದರಿಂದ ಹನ್ನೆರಡು ಕೊರತೆ. ಈ 12 ಕೋಟಿಯನ್ನು ದ್ವೀಪವೇ ಬೇಕಾದರೆ ಮೊದಲು ತೆಗೆದುಕೊಳ್ಳಬಹುದು. ಅದು ಬಿಟ್ಟರೆ ತಾಯಿಸಂಸ್ಥೆಯಿರುವ ದೇಶವು ತೆಗೆದುಕೊಳ್ಳುವುದು. ಅದೂ ಬಿಟ್ಟರೆ ಆ ಕಂಪೆನಿಯ ಕೆಲಸಗಾರರೂ ಆಸ್ತಿಯೂ ಇರುವ ಇತರ ದೇಶಗಳು ಹಂಚಿಕೊಳ್ಳುವುವು. ಯಾರು ತೆಗೆದುಕೊಂಡರೂ ಕಂಪೆನಿಗೆ ಒಂದೇ. ಆದುದರಿಂದ ದರ ಇಳಿಸುವುದರಿಂದ ದ್ವೀಪಕ್ಕೆ ಲಾಭವಿಲ್ಲ, ದ್ವೀಪಕ್ಕೆ ಹೋಗುವುದರಿಂದ ಕಂಪೆನಿಗೂ ಹೆಚ್ಚಿನ ಲಾಭವಿಲ್ಲ. ಆ ದ್ವೀಪದಲ್ಲಿ ನಿಜವಾದ ಕಾರ್ಖಾನೆಯೇ ಇದ್ದರೆ? ಅದಕ್ಕೂ ದಾರಿಯಿದೆ. ಸಂಬಳದ ಮೊತ್ತದಲ್ಲಿಯೂ ಕಟ್ಟಡ ಯಂತ್ರಗಳ ಬೆಲೆಯಲ್ಲಿಯೂ ಒಂದು ಅಂಶವನ್ನು, ಮೊದಮೊದಲು ಸ್ವಲ್ಪ ಹೆಚ್ಚಾಗಿಯೂ 2033ರಿಂದ ನೂರಕ್ಕೆ ಐದರಂತೆಯೂ, ಲಾಭದಿಂದ ಕಳೆಯುತ್ತಾರೆ. 200 ಕೋಟಿ ಸಂಬಳ, 200 ಕೋಟಿಯ ಕಾರ್ಖಾನೆ ಇದ್ದರೆ 20 ಕೋಟಿ ಕಳೆದು, ಉಳಿದ 80 ಕೋಟಿಗೆ ಮಾತ್ರ ನೂರಕ್ಕೆ ಹನ್ನೆರಡರಂತೆ 9 ಕೋಟಿ 60 ಲಕ್ಷವಾಗುವುದು. ನೌಕರರಿಲ್ಲದ ಕಾಗದದ ಕಚೇರಿಗೆ ಕಳೆಯಲು ಏನೂ ಇಲ್ಲ. ಅದು 12 ಕೋಟಿಯನ್ನೂ ತೆರಬೇಕು.

ಈ ಯೋಜನೆಯ ಜಾಣ್ಮೆ ಇರುವುದು ಅದು ಯಾರಿಂದಲೂ ಸದ್ಗುಣವನ್ನು ಬೇಡದಿರುವುದರಲ್ಲಿ. ಒಳ್ಳೆಯವನಾಗೆಂದು ಕಂಪೆನಿಗೆ ಉಪದೇಶವಿಲ್ಲ, ತ್ಯಾಗಮಾಡೆಂದು ದ್ವೀಪಕ್ಕೆ ಆಗ್ರಹವಿಲ್ಲ, ಪ್ರಲೋಭನೆಯನ್ನೇ ತೆಗೆದುಹಾಕಿದೆ. ಯೂರೋಪ್ ಒಕ್ಕೂಟದ ಬಹುಪಾಲು ದೇಶಗಳು 2024ರಿಂದ ಇದನ್ನು ಜಾರಿಗೆ ತಂದವು. ಐರ್ಲೆಂಡು ಕೂಡ ಸಣ್ಣ ವ್ಯಾಪಾರಗಳಿಗೆ ಹಳೆಯ ಹನ್ನೆರಡೂವರೆಯನ್ನೇ ಉಳಿಸಿ, ಮಹಾ ಕಂಪೆನಿಗಳಿಂದ ಹದಿನೈದನ್ನು ತಾನೇ ತೆಗೆದುಕೊಳ್ಳತೊಡಗಿತು. ಬೇಡವೆಂದು ನ್ಯಾಯಾಲಯಕ್ಕೆ ಹೋದವರೇ ಈಗ ಕೈ ನೀಡಿದರು. ಏಕೆಂದರೆ ಬೇಡವೆಂದರೆ ಅದು ನೆರೆಯವನ ಪಾಲಾಗುವುದು.

ಆದರೆ ಇದರಿಂದ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯಿತೇ? ಪೂರ್ತಿಯಾಗಿ ಇಲ್ಲ. ಕನಿಷ್ಠ ತೆರಿಗೆಯು ಋಣವುಂಟೆಂದು ಒಪ್ಪಿಕೊಂಡಿದೆ. ಸಾಲಿಗನು ಯಾರೆಂಬುದನ್ನು ನ್ಯಾಯವಾಗಿ ಗೊತ್ತುಮಾಡಿಲ್ಲ. ಲಾಭವು ಬಂದು ತಂಗಿದ ದೇಶಕ್ಕೆ ಮೊದಲ ಹಕ್ಕು, ತಾಯಿಸಂಸ್ಥೆಯ ಶ್ರೀಮಂತ ದೇಶಕ್ಕೆ ಎರಡನೆಯದು. ಸರಕನ್ನು ಕೊಂಡು ಆ ಲಾಭವನ್ನು ಉಂಟುಮಾಡಿದ ಜನರ ದೇಶ ಸಾಲಿನ ಕೊನೆಯಲ್ಲಿದೆ. ಅವರಿಗಾಗಿ ಅದೇ 2021ರ ಒಪ್ಪಂದದಲ್ಲಿ ಬೇರೊಂದು ಭಾಗವಿತ್ತು. ಅತಿ ದೊಡ್ಡ ಕಂಪೆನಿಗಳ ಅಧಿಕ ಲಾಭದಲ್ಲಿ ನಾಲ್ಕರಲ್ಲೊಂದು ಪಾಲನ್ನು ಮಾರಾಟವಾದ ದೇಶಗಳಿಗೆ ಹಂಚಬೇಕೆಂದು. ಅದು ಜಾರಿಗೆ ಬಂದಿಲ್ಲ.

ಇನ್ನೊಂದು ಬಿರುಕು ಅಮೆರಿಕದಿಂದ ಬಂದಿದೆ. 2025ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರು ಈ ಒಪ್ಪಂದಕ್ಕೆ ತಮ್ಮ ದೇಶದಲ್ಲಿ ಯಾವ ಬಲವೂ ಇಲ್ಲವೆಂದು ಸಾರಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಏಳು ಸಂಪನ್ನ ರಾಷ್ಟ್ರಗಳ ಕೂಟವು, ಅಮೆರಿಕದ ಕಂಪೆನಿಗಳು ಸ್ವದೇಶದ ಕನಿಷ್ಠ ತೆರಿಗೆಗೆ ಒಳಗಾಗಿರುವುದರಿಂದ ತಾಯಿದೇಶದ ಮತ್ತು ಇತರ ದೇಶಗಳ ವಸೂಲಿಯಿಂದ ಅವನ್ನು ಹೊರಗಿಡಲು ಸಮ್ಮತಿಸಿತು. ಲಾಭ ತಂಗಿದ ದೇಶವು ತಾನೇ ತೆಗೆದುಕೊಳ್ಳುವ ಮೊದಲ ಹಕ್ಕು ಉಳಿದಿದೆ. ಆದರೆ ನಾನು ಕೇಳದಿದ್ದರೆ ನೆರೆಯವನು ಕೇಳುವನೆಂಬ ಭಯವೇ ಈ ಕಟ್ಟಡದ ಅಡಿಗಲ್ಲು. ಅತಿ ದೊಡ್ಡ ಕಂಪೆನಿಗಳ ವಿಷಯದಲ್ಲಿಯೇ ಆ ಭಯ ತಗ್ಗಿದರೆ ಗೋಡೆ ಎಷ್ಟು ಕಾಲ ನಿಂತೀತು?

ಹೀಗೆ ನೋಡಿದರೆ, ಆರಂಭದಲ್ಲಿ ಕೇಳಿದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ಕಾನೂನನ್ನು ಮೀರದವನೂ ಋಣಿಯಾಗಬಹುದು, ಇಲ್ಲಿ ಆಗಿದ್ದನು. ಆದರೆ ಆ ಋಣವನ್ನು ತೀರಿಸುವ ದಾರಿಯನ್ನು ಮುಚ್ಚಿದವರಲ್ಲಿ ಕಂಪೆನಿಯೊಂದೇ ಇಲ್ಲ. ತನ್ನ ಕಾನೂನನ್ನು ನೆರೆಯವನ ಕಾನೂನಿಗೆ ಹೊಂದದಂತೆ ಇಟ್ಟುಕೊಂಡು, ಅದರಿಂದ ಬಂದ ಕೆಲಸವನ್ನು ಪಡೆದು, ಹೋದ ತೆರಿಗೆಯನ್ನು ಕಾಣದಂತೆ ಕುಳಿತ ಸರ್ಕಾರಗಳೂ ಇವೆ. ಹಳೆಯ ಪತ್ರದ ಸಾಲವನ್ನು ತೀರಿಸಿದ ನಮ್ಮ ಹಿರಿಯರಿಗೆ ಸಾಲಿಗನ ಮನೆ ಗೊತ್ತಿತ್ತು. ಊರಿಲ್ಲದ ಲಾಭದ ಮೇಲಣ ಸಾಲಿಗನಿಗೆ ಮೊದಲು ಒಂದು ಹೆಸರನ್ನೂ ವಿಳಾಸವನ್ನೂ ಬರೆದುಕೊಡಬೇಕಾಗಿದೆ. ಹದಿನೈದರ ಕನಿಷ್ಠ ದರವು ಆ ಪತ್ರದ ಮೊತ್ತವನ್ನು ಬರೆದಿದೆ. ಹೆಸರಿನ ಜಾಗ ಇನ್ನೂ ಬಹುಮಟ್ಟಿಗೆ ಬರಿದಾಗಿದೆ.